ಆರ್ಥಿಕ ಇಲಾಖೆಗೆ ನಮ್ಮ ಸಂಘದ ಮನವಿ: ಕಳಿಸುವ ಮುಂಚೆ ಒಮ್ಮೆ ಓದಿ ಹೇಳಿ

ಸಂಘದ ಕಾರ್ಯದರ್ಶಿ, ಶಿವಮೊಗ್ಗ (ಜುಲೈ 2025)

ಎಲ್ಲರಿಗೂ ನಮಸ್ಕಾರ. ನಮ್ಮ ನಿವೃತ್ತರ ಸಂಘದಿಂದ ಬರುವ ವಾರ ಮೂವರು ಬೆಂಗಳೂರಿಗೆ ಹೋಗುತ್ತಿದ್ದೇವೆ. ವಿಧಾನಸೌಧಕ್ಕೆ ಹೋಗಿ ಆರ್ಥಿಕ ಇಲಾಖೆಗೆ ಮುದ್ದಾಂ ಮನವಿ ಕೊಡುವುದು ಅಂತ ತೀರ್ಮಾನ. 43 ಜನ ಸಹಿ ಹಾಕಲು ಒಪ್ಪಿದ್ದಾರೆ. ಕರಡನ್ನು ನಾನೇ ಬರೆದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು, ವ್ಯಾಕರಣ ತಪ್ಪಿರಲಿಕ್ಕಿಲ್ಲ. ಆದರೆ ಲೆಕ್ಕ ಮತ್ತು ಕಾನೂನು ಗೊತ್ತಿದ್ದವರು ಒಮ್ಮೆ ನೋಡಿ.

ಮುಖ್ಯ ಭಾಗ ಹೀಗಿದೆ:

"7ನೇ ರಾಜ್ಯ ವೇತನ ಆಯೋಗದಂತೆ ನಿವೃತ್ತರಿಗೆ ಶೇ 58.5ರಷ್ಟು ಪಿಂಚಣಿ ಹೆಚ್ಚಳ 1-7-2022ರಿಂದ ಅನ್ವಯವಾಗಿದ್ದು, ಸದರಿ ದಿನಾಂಕದಿಂದ 31-7-2024ರವರೆಗಿನ 25 ತಿಂಗಳ ಬಾಕಿ, ಹಾಗೂ ಪರಿಷ್ಕೃತ ಪಿಂಚಣಿ, ಗ್ರಾಚ್ಯುಟಿ, ಕಮ್ಯುಟೇಷನ್ ಮತ್ತು ಗಳಿಕೆ ರಜೆ ನಗದೀಕರಣದ ಎಲ್ಲ ಬಾಕಿಗಳನ್ನು ಶೇ 18ರ ಬಡ್ಡಿ ಸಮೇತ ಕೂಡಲೇ ಬಿಡುಗಡೆ ಮಾಡಬೇಕಾಗಿ ಕೋರುತ್ತೇವೆ."

ಮಳೆ ಜೋರಿದೆ, ಕರೆಂಟು ಬಂದು ಹೋಗಿ ಮಾಡುತ್ತಿದೆ. ಉತ್ತರ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.

---

ಹೊಸನಗರ ಫಾರೆಸ್ಟರ್

ಚೆನ್ನಾಗಿದೆ ಮೇಷ್ಟ್ರೇ. ಇನ್ನೂ ಖಾರ ಬೇಕಿತ್ತು. 1982ರ ನಾಕಾರಾ ತೀರ್ಪು ಹಾಕಿ. ಪಿಂಚಣಿ ಭಿಕ್ಷೆ ಅಲ್ಲ, ನಿವೃತ್ತರಲ್ಲಿ ತಾರೀಖು ನೋಡಿ ಭೇದ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಅದೊಂದು ಸಾಲು ಬಿದ್ದರೆ ಸಾಕು, ಅವರು ಬಾಯಿ ಬಿಡುವ ಹಾಗೇ ಇಲ್ಲ. ನಾನಂತೂ ಸಹಿ ಹಾಕಲು ರೆಡಿ.

---

ಹಳೇ ಖಜಾನೆ, ತೀರ್ಥಹಳ್ಳಿ

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಈ ಕಾಗದ ಹೀಗೇ ಹೋದರೆ ನಿಮಗೆ ಬರುವ ಹಿಂಬರಹವನ್ನು ನಾನು ಈಗಲೇ ಬರೆದುಕೊಡಬಲ್ಲೆ. "ಸರ್ಕಾರದ ಆದೇಶದಂತೆ ಆರ್ಥಿಕ ಸೌಲಭ್ಯ 1-8-2024ರಿಂದ ಮಾತ್ರ ಲಭ್ಯ. ವೈಯಕ್ತಿಕ ಪ್ರಕರಣಗಳಿಗೆ ಸಂಬಂಧಿಸಿದ ಕಚೇರಿಯನ್ನು ಸಂಪರ್ಕಿಸುವುದು." ಅಲ್ಲಿಗೆ ಫೈಲು ಮುಕ್ತಾಯ.

ಯಾಕೆ ಅಂದರೆ ನಿಮ್ಮ ಒಂದೇ ವಾಕ್ಯದಲ್ಲಿ ಮೂರು ಬೇರೆ ಬೇರೆ ಬಾಕಿಗಳಿವೆ. ಅವುಗಳಿಗೆ ಉತ್ತರ ಕೊಡಬೇಕಾದವರೂ ಬೇರೆ ಬೇರೆ.

ಒಂದು, 25 ತಿಂಗಳ ಪಿಂಚಣಿ ವ್ಯತ್ಯಾಸ. 2024ರ ಜುಲೈ ಆದೇಶದಲ್ಲಿ 1-7-2022ರಿಂದ ವೇತನ ನಿಗದಿ ಮಾಡಿ ಅಂದರು, ಆದರೆ ದುಡ್ಡು ಕೈಗೆ ಸಿಗುವುದು 1-8-2024ರಿಂದ ಅಂದರು. ಹಾಗಾಗಿ ಆ 25 ತಿಂಗಳದ್ದು 'ತಡವಾದ ಬಾಕಿ' ಅಲ್ಲ. ಕೊಡುವುದಿಲ್ಲ ಅಂತ ಹೇಳಿಯೇ ಬಿಟ್ಟಿದ್ದು. ಕೇಳಬಹುದು, ಆದರೆ ಬಾಕಿ ಅನ್ನುವ ಹೆಸರಲ್ಲಿ ಕೇಳಿದರೆ ನಡೆಯುವುದಿಲ್ಲ. ಆದೇಶ ಬದಲಿಸಿ ಅಂತಲೇ ಕೇಳಬೇಕು.

ಎರಡು, ಆ 25 ತಿಂಗಳ ಒಳಗೆ ನಿವೃತ್ತರಾದವರ ಗ್ರಾಚ್ಯುಟಿ, ಕಮ್ಯುಟೇಷನ್, ರಜೆ ನಗದೀಕರಣ. ಇವರಿಗೆ ಈ ಮೂರೂ ಹಳೇ ವೇತನದ ಮೇಲೆ ಸಿಕ್ಕಿವೆ. ಕಾಗದದ ಮೇಲೆ ಹೊಸ ವೇತನ ನಿಗದಿಯಾಗಿದೆ, ಇಡುಗಂಟು ಮಾತ್ರ ಹಳೇದರ ಮೇಲೆ. ಇದು ನಿಜವಾಗಿ ಆರ್ಥಿಕ ಇಲಾಖೆ ಮಾತ್ರ ಬಗೆಹರಿಸಬಹುದಾದ ವಿಷಯ. ನಿಮ್ಮ ಮನವಿಯ ಗಟ್ಟಿ ಕಾಳು ಇದೇ.

ಮೂರು, ಆದೇಶದಂತೆ 1-8-2024ರಿಂದ ಬರಲೇಬೇಕಾದ ಪರಿಷ್ಕೃತ ಪಿಂಚಣಿ ಇನ್ನೂ ಬಂದಿಲ್ಲದವರು. ಇದರಲ್ಲಿ ಆರ್ಥಿಕ ಇಲಾಖೆ ಮಾಡುವುದೇನೂ ಇಲ್ಲ. ಆದೇಶ ಆಗಿದೆ, ದುಡ್ಡಿಗೂ ತಕರಾರಿಲ್ಲ. ಕಾಗದ ನಿಮ್ಮ ಹಳೇ ಆಫೀಸಿನಲ್ಲೋ, ಎಜಿ ಕಚೇರಿಯಲ್ಲೋ, ಖಜಾನೆಯಲ್ಲೋ, ಬ್ಯಾಂಕಿನಲ್ಲೋ ಕೂತಿದೆ.

43 ಜನರಲ್ಲಿ ಯಾರು ಯಾವ ಗುಂಪು ಅಂತ ಮೊದಲು ವಿಂಗಡಿಸಿ.

---

ಸಂಘದ ಕಾರ್ಯದರ್ಶಿ, ಶಿವಮೊಗ್ಗ

ರಾಯರೇ, ಬೇಜಾರೇನಿಲ್ಲ, ಇದಕ್ಕೇ ಹಾಕಿದ್ದು. ಪಟ್ಟಿ ತೆಗೆದು ನೋಡಿದೆ. 17 ಜನ 2022ರ ಜುಲೈಗಿಂತ ಮುಂಚೆ ನಿವೃತ್ತರಾದವರು. 26 ಜನ ಆ 25 ತಿಂಗಳ ಒಳಗಿನವರು. ಆದರೆ ಯಾರಿಗೆ ಪರಿಷ್ಕರಣೆ ಆಗಿದೆ, ಯಾರಿಗೆ ಆಗಿಲ್ಲ ಅಂತ ಹೇಗೆ ತಿಳಿಯುವುದು? ಕೇಳಿದರೆ ಎಲ್ಲರೂ "ಬಂದಿಲ್ಲ" ಅನ್ನುತ್ತಾರೆ. "ಏನು ಬಂದಿಲ್ಲ" ಅಂದರೆ "ಬಾಕಿ" ಅನ್ನುತ್ತಾರೆ.

---

ಅಡಿಕೆ ಸೊಸೈಟಿ

ನನ್ನದೂ ಸೇರಿಸಿಕೊಳ್ಳಿ. ಸಹಕಾರ ಸಂಘದಲ್ಲಿ 28 ವರ್ಷ ದುಡಿದೆ. ತಿಂಗಳಿಗೆ ಪಿಂಚಣಿ ಬರುವುದು ಎರಡು ಸಾವಿರವೂ ಇಲ್ಲ. 7ನೇ ವೇತನ ಆಯೋಗದಲ್ಲಿ ನನಗೆಷ್ಟು ಬಾಕಿ ಬರಬಹುದು?

---

ಹಳೇ ಖಜಾನೆ, ತೀರ್ಥಹಳ್ಳಿ

ಸೊಸೈಟಿಯವರೇ, ನಿಮ್ಮದು ಪಿಎಫ್ ಕಚೇರಿ ಕೊಡುವ 95ರ ಯೋಜನೆಯ ಪಿಂಚಣಿ. ಅದರ ಕನಿಷ್ಠ 1,000 ರೂಪಾಯಿ ಅಂತ 2014ರಲ್ಲಿ ಕೇಂದ್ರ ಸರ್ಕಾರ ಮಾಡಿದ್ದು. ರಾಜ್ಯದ ವೇತನ ಆಯೋಗಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ನೋವು ದೊಡ್ಡದೇ, ಆದರೆ ಈ ಮನವಿಯಲ್ಲಿ ಸೇರಿಸಿದರೆ ಇಬ್ಬರ ಕೆಲಸವೂ ಕೆಡುತ್ತದೆ.

ಮೇಷ್ಟ್ರೇ, ಗುರುತಿಸುವುದು ಸುಲಭ. ಎಲ್ಲರಿಗೂ ಪಿಂಚಣಿ ಚೀಟಿ ತರಲು ಹೇಳಿ. ಅದರಲ್ಲಿ ತುಟ್ಟಿಭತ್ಯೆ ಎಷ್ಟು ಪರ್ಸೆಂಟ್ ಅಂತ ಮಾತ್ರ ನೋಡಿ. ಶೇ 42.5 ಅಂತ ಇದ್ದರೆ ಅವರು ಇನ್ನೂ ಹಳೇ ಪಿಂಚಣಿಯಲ್ಲೇ ಇದ್ದಾರೆ. ಶೇ 12.25 ಅಂತ ಇದ್ದರೆ ಹೊಸದಕ್ಕೆ ಬಂದಾಗಿದೆ. ಪರ್ಸೆಂಟ್ ಕಮ್ಮಿ ಆಯಿತು ಅಂತ ಕೆಲವರು ಗಾಬರಿ ಬೀಳುತ್ತಾರೆ. ಕಮ್ಮಿ ಆಗಿರುವುದೇ ಒಳ್ಳೆಯ ಸುದ್ದಿ. ಚೀಟಿ ಇಲ್ಲದವರಿಗೆ ಪಾಸ್‌ಬುಕ್ ಇದೆಯಲ್ಲ, ಮೂಲ ಪಿಂಚಣಿ ಗೊತ್ತಿದ್ದರೆ ಭಾಗಿಸಿ ನೋಡಬಹುದು.

---

ಸಂಘದ ಕಾರ್ಯದರ್ಶಿ, ಶಿವಮೊಗ್ಗ

ನಿನ್ನೆ ಸಂಜೆಯಿಂದ ಫೋನ್ ಮೇಲೆ ಫೋನ್. ಲೆಕ್ಕ ಸಿಕ್ಕಿತು. 26 ಜನರಲ್ಲಿ ಒಂಬತ್ತು ಜನರಿಗೆ ಇನ್ನೂ 42.5. ಹಳಬರು 17ರಲ್ಲಿ ಇಬ್ಬರಿಗೆ ಹಾಗೇ ಇದೆ. ನಿಜ ಹೇಳಬೇಕೆಂದರೆ ಎಲ್ಲರದ್ದೂ ಒಂದೇ ಸಮಸ್ಯೆ ಅಂತ ಒಂದು ವರ್ಷದಿಂದ ಭಾಷಣ ಮಾಡಿಕೊಂಡು ಬಂದಿದ್ದೆ.

ಹಳಬರಿಬ್ಬರದು ಯಾಕೆ ಬೇರೆ? ಅವರೂ ಎಜಿ ಕಚೇರಿಗೆ ಬರೆಯಬೇಕಾ?

---

ಹಳೇ ಖಜಾನೆ, ತೀರ್ಥಹಳ್ಳಿ

ಬೇಡ. ಹಳಬರ ಪಿಂಚಣಿಯನ್ನು ಬಟವಾಡೆ ಮಾಡುವವರೇ ಏರಿಸುತ್ತಾರೆ. ಮೂಲ ಪಿಂಚಣಿಗೆ ಶೇ 31, ಶೇ 27.5 ಸೇರಿಸಿದರೆ ಮುಗಿಯಿತು, ಸೇವಾ ಪುಸ್ತಕ ತೆರೆಯಬೇಕಾಗಿಲ್ಲ. ಹಾಗಾಗಿ ಆ ಇಬ್ಬರೂ ಪಿಪಿಒ ಜೆರಾಕ್ಸ್ ಹಿಡಿದು, ಪಿಂಚಣಿ ಕೊಡುತ್ತಿರುವ ಬ್ಯಾಂಕ್ ಅಥವಾ ಖಜಾನೆಗೆ ಅರ್ಜಿ ಕೊಟ್ಟರೆ ಸಾಕು.

ಒಂಬತ್ತು ಜನರದ್ದು ಉದ್ದದ ದಾರಿ. ಅವರು 2022ರ ಜುಲೈ 1ರಂದು ನೌಕರಿಯಲ್ಲಿ ಇದ್ದರು. ಹಾಗಾಗಿ ಮೊದಲು ಅವರ ವೇತನ ಹೊಸ ಶ್ರೇಣಿಯಲ್ಲಿ ನಿಗದಿಯಾಗಬೇಕು. ಅದನ್ನು ಮಾಡುವುದು ಕೊನೆಯಲ್ಲಿ ಕೆಲಸ ಮಾಡಿದ ಆಫೀಸು. ಅದು ಸೇವಾ ಪುಸ್ತಕದಲ್ಲಿ ನಮೂದಾಗಿ, ಪರಿಷ್ಕೃತ ಪಿಂಚಣಿ ಪ್ರಸ್ತಾವನೆ ಎಜಿ ಕಚೇರಿಗೆ ಹೋಗಬೇಕು. ಅಲ್ಲಿಂದ ತಿದ್ದುಪಡಿ ಆದೇಶ ಬಂದ ಮೇಲೆ ಪಿಂಚಣಿ ಏರುತ್ತದೆ. ನಲವತ್ತು ವರ್ಷದಲ್ಲಿ ನಾನು ಕಂಡಂತೆ ಕಾಗದ ಹೆಚ್ಚು ನಿಲ್ಲುವುದು ಮೊದಲ ಮೆಟ್ಟಿಲಲ್ಲೇ. ಮೇಷ್ಟ್ರು ನಿವೃತ್ತರಾಗಿ ಹೋಗಿರುತ್ತಾರೆ, ಗುಮಾಸ್ತರು ವರ್ಗವಾಗಿರುತ್ತಾರೆ, ಹೊಸಬರಿಗೆ ಈ ಹೆಸರೇ ಗೊತ್ತಿರುವುದಿಲ್ಲ. ಯಾರೂ ಬೇಕಂತ ತಡೆದಿರುವುದಿಲ್ಲ, ಯಾರೂ ಶುರು ಮಾಡಿರುವುದಿಲ್ಲ ಅಷ್ಟೇ.

ಹಾಗಾಗಿ ಹಳೇ ಆಫೀಸಿಗೆ ಹೋಗಿ "ನನ್ನ ಪಿಂಚಣಿ ಏನಾಯ್ತು" ಅಂತ ಕೇಳಬೇಡಿ. "ಎಜಿ ಕಚೇರಿಗೆ ಕಳಿಸಿದ ಪತ್ರದ ಸಂಖ್ಯೆ, ತಾರೀಖು ಕೊಡಿ" ಅಂತ ಕೇಳಿ. ಸಂಖ್ಯೆ ಇದ್ದರೆ ಹೋಗಿದೆ. ಇಲ್ಲದಿದ್ದರೆ ಹೋಗಿಲ್ಲ. ಬಾಯಲ್ಲಿ "ಕಳಿಸಿದ್ದೇವೆ" ಅಂದರೆ ಲೆಕ್ಕಕ್ಕಿಲ್ಲ. ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅದೊಂದೇ ಪ್ರಶ್ನೆ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಬಿದ್ದ ಮಾರನೇ ದಿನವೇ ಪ್ರಸ್ತಾವನೆ ತಯಾರಾದದ್ದನ್ನೂ ನೋಡಿದ್ದೇನೆ.

---

ಸಾಗರದ ಟೀಚರ್

ನನ್ನ ಚೀಟಿಯಲ್ಲೂ 42.5 ಇದೆ ಸಾರ್! 2022ರ ನವೆಂಬರಿನಲ್ಲಿ ನಿವೃತ್ತಿ. ಇಷ್ಟು ದಿನ "ಎಲ್ಲರಿಗೂ ಬಂದಿಲ್ಲ, ನಮಗೂ ಬಂದಿಲ್ಲ" ಅಂತ ಸುಮ್ನೆ ಕೂತಿದ್ದೆ. ನನ್ನ ಜೊತೆ ನಿವೃತ್ತಳಾದವಳಿಗೆ ಆಗಲೇ ಬಂದಿದೆಯಂತೆ, ಇವತ್ತು ಕೇಳಿದೆ.

ನನ್ನ ಕೊನೆಯ ಮೂಲವೇತನ 52,650. ಪಿಂಚಣಿ 26,325. ಶೇ 58.5 ಅಂದರೆ ತಿಂಗಳಿಗೆ 15,400 ಬಾಕಿ ಅಂತ ಮಗ ಲೆಕ್ಕ ಹಾಕಿದ. ಕಳೆದ ಆಗಸ್ಟಿನಿಂದ ಜೂನ್‌ವರೆಗೆ ಹನ್ನೊಂದು ತಿಂಗಳು, 1 ಲಕ್ಷ 69 ಸಾವಿರ. ಸರಿಯಾ?

---

ಹಳೇ ಖಜಾನೆ, ತೀರ್ಥಹಳ್ಳಿ

ಟೀಚರ್, ಮಗನ ಗುಣಾಕಾರ ಸರಿ, ಲೆಕ್ಕ ತಪ್ಪು. ಮೇಷ್ಟ್ರ ಕರಡಿನಲ್ಲೂ ಇದೇ ತಪ್ಪಿದೆ, ಹಾಗಾಗಿ ನಿಮ್ಮದನ್ನೇ ಬಿಡಿಸಿ ಬರೆಯುತ್ತೇನೆ.

58.5ರಲ್ಲಿ 31 ಅನ್ನುವುದು ತುಟ್ಟಿಭತ್ಯೆ. ಅದನ್ನು ನೀವು ಆಗಲೇ ತಿನ್ನುತ್ತಿದ್ದೀರಿ. ಅದನ್ನು ಮೂಲಕ್ಕೆ ಸೇರಿಸಿ, ತುಟ್ಟಿಭತ್ಯೆಯನ್ನು ಮತ್ತೆ ಕೆಳಗಿನಿಂದ ಶುರು ಮಾಡುತ್ತಾರೆ. ಹಾಗಾಗಿ ಹಳೇ ಒಟ್ಟು, ಹೊಸ ಒಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟೇ ಕಳೆಯಬೇಕು.

ಹಳೇದು: 26,325ಕ್ಕೆ ಶೇ 42.5 ಸೇರಿಸಿದರೆ 37,513. ಇದು ನಿಮಗೆ ಸಿಗುತ್ತಿರುವುದು.

ಹೊಸದು: 52,650ಕ್ಕೆ ಶೇ 58.5 ಸೇರಿಸಿದರೆ 83,450. ಅದು ಹೊಸ ಶ್ರೇಣಿಯ ಮೇಲಿನ ಹಂತಕ್ಕೆ ಹೋಗುತ್ತದೆ. ಆ ಹಂತವನ್ನು ನಿಮ್ಮ ಆಫೀಸು ಹಾಕಲಿ, ನಾವು ಲೆಕ್ಕಕ್ಕೆ 83,500 ಅಂತ ಇಟ್ಟುಕೊಳ್ಳೋಣ. ಅರ್ಧ ಪಿಂಚಣಿ, 41,750. 2024ರ ಆಗಸ್ಟಿನಿಂದ ಡಿಸೆಂಬರ್‌ವರೆಗೆ ತುಟ್ಟಿಭತ್ಯೆ ಶೇ 10.75. ಒಟ್ಟು 46,238. ವ್ಯತ್ಯಾಸ ತಿಂಗಳಿಗೆ 8,725. ಐದು ತಿಂಗಳಿಗೆ 43,625.

2025ರ ಜನವರಿಯಿಂದ ಶೇ 12.25. ಒಟ್ಟು 46,864, ವ್ಯತ್ಯಾಸ 9,351. ಜೂನ್‌ವರೆಗೆ ಆರು ತಿಂಗಳಿಗೆ 56,106.

ಎರಡೂ ಕೂಡಿದರೆ 99,731. ಲಕ್ಷಕ್ಕೆ ಸ್ವಲ್ಪ ಕಮ್ಮಿ. 1 ಲಕ್ಷ 69 ಸಾವಿರ ಅಲ್ಲ. ಹೆಚ್ಚಳ ಅಂತ ನಿಜವಾಗಿ ಕೈಗೆ ಬರುವುದು ಹಳೇ ಒಟ್ಟಿನ ಮೇಲೆ ಸುಮಾರು ಶೇ 23ರಿಂದ 25.

ಕಮ್ಯುಟೇಷನ್ ಕಡಿತ ಇದ್ದರೆ ಅದು ಎರಡೂ ಕಡೆ ಒಂದೇ ಮೊತ್ತ, ವ್ಯತ್ಯಾಸ ಬದಲಾಗುವುದಿಲ್ಲ. ಆದರೆ ಒಂದು ಕಣ್ಣಿಡಿ. ತುಟ್ಟಿಭತ್ಯೆಯನ್ನು ಕಡಿತಕ್ಕೆ ಮುಂಚಿನ ಪೂರ್ತಿ ಪಿಂಚಣಿ ಮೇಲೆ ಹಾಕಬೇಕು. ಕಡಿತ ಮಾಡಿ ಉಳಿದದ್ದರ ಮೇಲೆ ಹಾಕಿದ್ದನ್ನು ನಾನೇ ಎರಡು ಮೂರು ಬಾರಿ ಹಿಡಿದಿದ್ದೇನೆ.

ಇನ್ನೊಂದು. ಈ ದುಡ್ಡು ಒಟ್ಟಿಗೆ ಬಂದರೆ ಈ ವರ್ಷದ ಆದಾಯಕ್ಕೆ ಸೇರುತ್ತದೆ. ಹೋದ ವರ್ಷದ ಪಾಲಿಗೆ ತೆರಿಗೆ ರಿಯಾಯಿತಿ ಬೇಕಾದರೆ ರಿಟರ್ನ್ ಹಾಕುವ ಮುಂಚೆ 10E ಫಾರ್ಮ್ ತುಂಬಬೇಕು. ಮಗನಿಗೆ ಆ ಕೆಲಸ ಕೊಡಿ.

---

ಸಾಗರದ ಟೀಚರ್

ಮಗ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾನೆ 😄 ಧನ್ಯವಾದ ಸಾರ್. ನಾಳೆ ಹಳೇ ಸ್ಕೂಲಿನ ಆಫೀಸಿಗೆ ಹೋಗುತ್ತೇನೆ. ಪತ್ರದ ಸಂಖ್ಯೆ, ತಾರೀಖು. ಬರೆದುಕೊಂಡೆ.

---

ಹೊಸನಗರ ಫಾರೆಸ್ಟರ್

ಲೆಕ್ಕ ಎಲ್ಲ ಸರಿ ರಾಯರೇ. ಆದರೆ ನೀವು 25 ತಿಂಗಳದ್ದನ್ನು ಬಿಟ್ಟುಕೊಡುವ ಹಾಗೆ ಮಾತಾಡುತ್ತಿದ್ದೀರಿ. ನಾಕಾರಾ ತೀರ್ಪು ಇರುವಾಗ ಯಾಕೆ ಬಿಡಬೇಕು ಮಾರಾಯ್ರೆ?

---

ಕೋರ್ಟ್ ಶಿರಸ್ತೇದಾರ್ (ನಿವೃತ್ತ), ಭದ್ರಾವತಿ

ನಾನು ವಕೀಲ ಅಲ್ಲ, ಕೋರ್ಟಿನ ಫೈಲು ಹೊತ್ತು ತಿರುಗಿದವನು. ಆದರೂ ಹೇಳುತ್ತೇನೆ.

ಫಾರೆಸ್ಟರ್ ಹೇಳಿದ್ದು ಅರ್ಧ ಸರಿ. ನಾಕಾರಾ ತೀರ್ಪು ದೊಡ್ಡದೇ. ಆ ತೀರ್ಪು ಬಂದ ಡಿಸೆಂಬರ್ 17ರಂದೇ ಪಿಂಚಣಿದಾರರ ದಿನ ಮಾಡುತ್ತೇವೆ. ಆದರೆ ಅದೇ ಸುಪ್ರೀಂ ಕೋರ್ಟು 2005ರಲ್ಲಿ ಪಂಜಾಬಿನ ಅಮರನಾಥ ಗೋಯಲ್ ಕೇಸಿನಲ್ಲಿ, ಅದೂ ಗ್ರಾಚ್ಯುಟಿ ವಿಷಯದಲ್ಲೇ, ಹಣಕಾಸಿನ ಕಾರಣಕ್ಕೆ ಸರ್ಕಾರ ಒಂದು ತಾರೀಖು ಇಡಬಹುದು ಅಂತ ಹೇಳಿದೆ. ಆರ್ಥಿಕ ಇಲಾಖೆಯ ವಕೀಲರು ತೆಗೆಯುವ ಮೊದಲ ಪುಟ ಅದೇ. ನೀವು ನಾಕಾರಾ ಮಾತ್ರ ಹಾಕಿದರೆ ಅವರಿಗೆ ಉತ್ತರ ಸಿದ್ಧವಾಗಿಯೇ ಇರುತ್ತದೆ.

ನಿಮ್ಮ ಬಲ ಬೇರೆ ಕಡೆ ಇದೆ. ಗೋಯಲ್ ಕೇಸಿನವರು ತಾರೀಖಿಗಿಂತ ಮುಂಚೆ ನಿವೃತ್ತರಾದವರು. ಇಲ್ಲಿ ಆ 26 ಜನ 1-7-2022ರ ನಂತರ ನಿವೃತ್ತರಾದವರು. ಸರ್ಕಾರವೇ ಅವರಿಗೆ ಹೊಸ ವೇತನ ನಿಗದಿ ಮಾಡಿದೆ, ಪಿಂಚಣಿಯನ್ನೂ ಹೊಸ ವೇತನದ ಮೇಲೆ ಕೊಡುತ್ತಿದೆ. ಪಿಂಚಣಿಗೆ ಕೊನೆಯ ವೇತನ ಒಂದು, ಗ್ರಾಚ್ಯುಟಿಗೆ ಕೊನೆಯ ವೇತನ ಇನ್ನೊಂದು, ಅದು ಹೇಗೆ? ಒಬ್ಬನೇ ಮನುಷ್ಯನಿಗೆ ಎರಡು ಕೊನೆಯ ವೇತನ ಇರಲು ಸಾಧ್ಯವಾ? ಈ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಿ. ಗೆಲ್ಲುತ್ತೀರಿ ಅಂತ ಹೇಳುವುದಿಲ್ಲ. ಆದರೆ ಇದಕ್ಕೆ ಸಿದ್ಧ ಹಿಂಬರಹ ಬರೆಯುವುದು ಕಷ್ಟ.

ಬಡ್ಡಿ ಶೇ 18 ಅಂತ ಹಾಕಬೇಡಿ. 2021ರಲ್ಲಿ ಆಂಧ್ರದ ಕೇಸಿನಲ್ಲಿ, ಕೋವಿಡ್ ಕಾಲದಲ್ಲಿ ತಡೆಹಿಡಿದ ಸಂಬಳ, ಪಿಂಚಣಿಗೆ ಹೈಕೋರ್ಟ್ ಕೊಟ್ಟಿದ್ದ ಶೇ 12 ಬಡ್ಡಿಯನ್ನು ಸುಪ್ರೀಂ ಕೋರ್ಟ್ ಶೇ 6ಕ್ಕೆ ಇಳಿಸಿತು. 18 ಅಂದರೆ ಉಳಿದ ಬೇಡಿಕೆಯ ತೂಕವೂ ಇಳಿಯುತ್ತದೆ.

ಈಗ ಮುಖ್ಯ ವಿಷಯ. ಆದೇಶ ಬಂದದ್ದು ಜುಲೈ 2024. ಈಗ ಜುಲೈ 2025. ಸೇವಾ ವಿಷಯಕ್ಕೆ ಹೋಗಬೇಕಾದದ್ದು ಆಡಳಿತ ನ್ಯಾಯಮಂಡಳಿಗೆ, ಅಲ್ಲಿ ಗಡುವು ಒಂದು ವರ್ಷ. ಮನವಿ ಕೊಟ್ಟು ಆರು ತಿಂಗಳು ಉತ್ತರ ಬರದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ ಸಿಗುತ್ತದೆ. ಹಾಗಾಗಿ ಕೇಳುತ್ತಿದ್ದೇನೆ ಮೇಷ್ಟ್ರೇ, ಇದಕ್ಕೆ ಮುಂಚೆ ಏನಾದರೂ ಮನವಿ ಕೊಟ್ಟಿದ್ದಿರಾ?

---

ಸಂಘದ ಕಾರ್ಯದರ್ಶಿ, ಶಿವಮೊಗ್ಗ

ಕೊಟ್ಟಿದ್ದೆವು! 2024ರ ಸೆಪ್ಟೆಂಬರಿನಲ್ಲಿ, ಇಲ್ಲೇ ಜಿಲ್ಲಾ ಕೇಂದ್ರದ ಕಚೇರಿಯೊಂದರ ಮೂಲಕ. ಗಣೇಶ ಹಬ್ಬ ಆದ ಮೇಲೆ. ಫೋಟೋ ತೆಗೆಸಿಕೊಂಡು ಬಂದೆವು. ಉತ್ತರ ಬರಲಿಲ್ಲ. ಅದು ಲೆಕ್ಕಕ್ಕೆ ಬರುತ್ತಾ?

---

ಕೋರ್ಟ್ ಶಿರಸ್ತೇದಾರ್ (ನಿವೃತ್ತ), ಭದ್ರಾವತಿ

ಫೋಟೋ ಲೆಕ್ಕಕ್ಕಿಲ್ಲ. ಸ್ವೀಕೃತಿ ಸೀಲು ಬಿದ್ದ ನಿಮ್ಮ ಪ್ರತಿ ಬೇಕು. ಅದಿದ್ದರೆ ಆರು ತಿಂಗಳು ಅಂದರೆ ಮಾರ್ಚ್ 2025, ಅಲ್ಲಿಂದ ಒಂದು ವರ್ಷ ಅಂದರೆ ಮಾರ್ಚ್ 2026ರವರೆಗೆ ದಾರಿ ಇದೆ ಅಂತ ವಾದಿಸಬಹುದು. ವಾದಿಸಬಹುದು ಅಂತ ಮಾತ್ರ ಹೇಳಿದ್ದು. ನಿಯಮದಲ್ಲಿ ಇಲ್ಲದ ಮನವಿಯಿಂದ ಗಡುವು ಬೆಳೆಯುವುದಿಲ್ಲ ಅಂತ 1989ರಲ್ಲಿ ರಾಥೋರ್ ಕೇಸಿನಲ್ಲಿ ಹೇಳಿದ್ದಾರೆ. ಎದುರಿನವರು ಅದನ್ನು ಎತ್ತುತ್ತಾರೆ. ವಕೀಲರ ಹತ್ತಿರ ಈ ವಾರವೇ ತೋರಿಸಿ. ಬೆಂಗಳೂರಿಗೆ ಹೋಗಿ ಬಂದ ಮೇಲೆ ನೋಡೋಣ ಅನ್ನಬೇಡಿ.

ತಿಂಗಳ ಪಿಂಚಣಿ ತಪ್ಪಾದರೆ ಅದು ಪ್ರತಿ ತಿಂಗಳೂ ಹೊಸದಾಗಿ ಆಗುವ ತಪ್ಪು, ಅಲ್ಲಿ ಕೋರ್ಟು ಸ್ವಲ್ಪ ಮೃದು. ಗ್ರಾಚ್ಯುಟಿ ಒಂದೇ ಸಲದ್ದು. ತಾರೀಖು ದಾಟಿದರೆ ಕಷ್ಟ.

---

ಸೊರಬದ ಮಗಳು

ನಮಸ್ತೆ. ಇದು ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ಅಪ್ಪ 2023ರ ಜನವರಿಯಲ್ಲಿ ನಿವೃತ್ತರಾದರು. ಈ ವರ್ಷ ಮಾರ್ಚಿನಲ್ಲಿ ತೀರಿಕೊಂಡರು. ಕೊನೆಯ ತನಕ "ಅರಿಯರ್ಸ್ ಬಂದರೆ ಹಂಚು ತೆಗೆಸಿ ಶೀಟು ಹಾಕಿಸೋಣ" ಅನ್ನುತ್ತಿದ್ದರು. ಅಮ್ಮನಿಗೆ ಕುಟುಂಬ ಪಿಂಚಣಿ ಶುರುವಾಗಿದೆ. ಅಪ್ಪನ ಬಾಕಿ ತಾನಾಗಿ ಅಮ್ಮನ ಖಾತೆಗೆ ಬರುತ್ತದೆ ಅಂತ ಬ್ಯಾಂಕಿನಲ್ಲಿ ಹೇಳಿದರು. ಬಂದಿಲ್ಲ.

---

ಹಳೇ ಖಜಾನೆ, ತೀರ್ಥಹಳ್ಳಿ

ತಾನಾಗಿ ಬರುವುದಿಲ್ಲಮ್ಮ. ಅಪ್ಪನ ಚೀಟಿಯಲ್ಲಿ ಕೊನೆಯ ತಿಂಗಳು 42.5 ಇತ್ತಾ ನೋಡು. ಇದ್ದರೆ ಅವರ ಪರಿಷ್ಕರಣೆ ಆಗಿರಲೇ ಇಲ್ಲ. ತೀರಿಕೊಂಡರೂ ಅದನ್ನು ಅವರ ಆಫೀಸು ಮಾಡಲೇಬೇಕು. ಯಾಕೆಂದರೆ ಅಮ್ಮನ ಕುಟುಂಬ ಪಿಂಚಣಿ ಕೂಡ ಅದೇ ಕೊನೆಯ ವೇತನದ ಮೇಲೆ ನಿಲ್ಲುವುದು. ಅಪ್ಪನದು ಹಳೇದರಲ್ಲಿದ್ದರೆ ಅಮ್ಮನದೂ ಹಳೇದರಲ್ಲೇ ಇರುತ್ತದೆ, ಪ್ರತಿ ತಿಂಗಳೂ ಕಮ್ಮಿ ಬರುತ್ತಿರುತ್ತದೆ.

ಅಂದರೆ ನಿಮ್ಮದು ಎರಡು ಕೆಲಸ. ಅಮ್ಮನ ಹೆಸರಲ್ಲಿ ಅಪ್ಪನ ಹಳೇ ಆಫೀಸಿಗೆ ಅರ್ಜಿ, ವೇತನ ಮರುನಿಗದಿ ಮಾಡಿ ಪ್ರಸ್ತಾವನೆ ಕಳಿಸಿ ಅಂತ. ಆದೇಶ ಬಂದ ಮೇಲೆ, 2024ರ ಆಗಸ್ಟಿನಿಂದ ಅಪ್ಪ ತೀರಿಕೊಂಡ ದಿನದವರೆಗಿನ ಬಾಕಿಗೆ ಪಿಂಚಣಿ ಕೊಡುತ್ತಿದ್ದ ಕಡೆ ಬೇರೆ ಅರ್ಜಿ, ಮರಣ ಪ್ರಮಾಣಪತ್ರ, ಪಿಪಿಒ ಸಮೇತ. ಅಪ್ಪ ನಾಮಿನಿ ಹೆಸರು ಕೊಟ್ಟಿದ್ದರೆ ಸುಲಭ. ಇಲ್ಲದಿದ್ದರೆ ವಾರಸುದಾರರ ಕಾಗದ ಕೇಳುತ್ತಾರೆ. ಪಿಪಿಒ ಪುಸ್ತಕ ಇದೆಯಾ?

---

ಸೊರಬದ ಮಗಳು

ಇದೆ. ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದರು. ಕೊನೆಯ ಚೀಟಿಯಲ್ಲಿ 42.50 ಅಂತಲೇ ಇದೆ. ಸೋಮವಾರ ರಜೆ ಹಾಕಿ ಹೋಗುತ್ತೇನೆ.

---

ಸಂಘದ ಕಾರ್ಯದರ್ಶಿ, ಶಿವಮೊಗ್ಗ

ಸ್ವೀಕೃತಿ ಪ್ರತಿ ಸಿಕ್ಕಿತು! ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೇ ಪಂಚಾಂಗದ ಒಳಗೆ. ಮಳೆಗಾಲದ ತಂಪಿಗೆ ಕಾಗದ ಮೆತ್ತಗಾಗಿ ನೇರಳೆ ಸೀಲಿನ ಶಾಯಿ ಹರಡಿಕೊಂಡಿದೆ. ಭೂತಗನ್ನಡಿ ಹಿಡಿದರೆ ತಿಂಗಳು 09, ವರ್ಷ 2024 ಕಾಣುತ್ತದೆ. ತಾರೀಖು 12ಓ 17ಓ ಗೊತ್ತಾಗುತ್ತಿಲ್ಲ. ಪಕ್ಕದಲ್ಲಿ ಪೆನ್ನಿನಲ್ಲಿ ಏನೋ ನಂಬರ್ ಬರೆದಿದ್ದಾರೆ.

---

ಹಳೇ ಖಜಾನೆ, ತೀರ್ಥಹಳ್ಳಿ

ಆ ನಂಬರೇ ಚಿನ್ನ. ಅದು ಟಪಾಲು ವಹಿಯ ಕ್ರಮಸಂಖ್ಯೆ ಇರಬೇಕು. ಆ ಕಚೇರಿಗೆ ಹೋಗಿ ವಹಿಯ ಆ ಪುಟದ ದೃಢೀಕೃತ ಪ್ರತಿ ಕೇಳಿ. ತಾರೀಖೂ ಸಿಗುತ್ತದೆ, ಮನವಿ ಬೆಂಗಳೂರಿಗೆ ಹೋಯಿತಾ ಅಲ್ಲೇ ಕೂತಿತಾ ಅನ್ನುವುದೂ ಸಿಗುತ್ತದೆ. ಹೊಸ ಮನವಿಯ ಉಲ್ಲೇಖದಲ್ಲಿ ಅದನ್ನೇ ಮೊದಲು ಹಾಕಿ. ಕಾಗದವನ್ನು ಈಗಲೇ ಸ್ಕ್ಯಾನ್ ಮಾಡಿಸಿ, ಇಸ್ತ್ರಿಪೆಟ್ಟಿಗೆ ಇಡಲು ಹೋಗಬೇಡಿ.

---

ಸಂಘದ ಕಾರ್ಯದರ್ಶಿ, ಶಿವಮೊಗ್ಗ

ಇಸ್ತ್ರಿಪೆಟ್ಟಿಗೆ ಕೈಗೆ ತೆಗೆದುಕೊಂಡಾಗಿತ್ತು. ಇಟ್ಟುಬಿಟ್ಟೆ.

ಹೊಸ ಕರಡು ಹೀಗಿದೆ. ವಿಳಾಸ ಆರ್ಥಿಕ ಇಲಾಖೆಯ ಅಪರ ಮುಖ್ಯ ಕಾರ್ಯದರ್ಶಿಗೆ.

"ಉಲ್ಲೇಖ: 2024ರ ಸೆಪ್ಟೆಂಬರಿನ ನಮ್ಮ ಮನವಿ, ಸ್ವೀಕೃತಿ ಪ್ರತಿ ಲಗತ್ತಿಸಿದೆ. ಇದಕ್ಕೆ ಈವರೆಗೆ ಉತ್ತರ ಬಂದಿಲ್ಲ.

1-7-2022ರಿಂದ 31-7-2024ರ ಒಳಗೆ ನಿವೃತ್ತರಾದ ನಮ್ಮ 26 ಸದಸ್ಯರಿಗೆ ಪರಿಷ್ಕೃತ ಶ್ರೇಣಿಯಲ್ಲಿ ವೇತನ ನಿಗದಿಪಡಿಸಲು ಹಾಗೂ ಅದರ ಮೇಲೆ ಪಿಂಚಣಿ ನೀಡಲು ಸರ್ಕಾರವೇ ಆದೇಶಿಸಿದೆ. ಆದರೆ ಅದೇ ಸದಸ್ಯರ ಗ್ರಾಚ್ಯುಟಿ, ಕಮ್ಯುಟೇಷನ್ ಮತ್ತು ರಜೆ ನಗದೀಕರಣವನ್ನು ಹಿಂದಿನ ಶ್ರೇಣಿಯ ವೇತನದ ಮೇಲೆ ಲೆಕ್ಕ ಹಾಕಲಾಗಿದೆ. ಒಂದೇ ನಿವೃತ್ತಿಗೆ ಎರಡು ಕೊನೆಯ ವೇತನಗಳನ್ನು ಪರಿಗಣಿಸಲು ಕಾರಣವೇನೆಂದು ತಿಳಿಸಬೇಕು, ಮತ್ತು ವ್ಯತ್ಯಾಸದ ಮೊತ್ತ ಪಾವತಿಸಲು ಆದೇಶಿಸಬೇಕು. ಸದಸ್ಯವಾರು ವಿವರ ಲಗತ್ತಿಸಿದೆ."

ಒಂಬತ್ತು ಜನರ ಪರಿಷ್ಕರಣೆ ವಿಷಯ ಇದರಿಂದ ತೆಗೆದೆ. ಅವರಿಗೆ ಬೇರೆ ಬೇರೆ ಅರ್ಜಿ, ಅವರವರ ಆಫೀಸಿಗೆ. ಸದಸ್ಯವಾರು ಪಟ್ಟಿಯಲ್ಲಿ ವ್ಯತ್ಯಾಸದ ಮೊತ್ತ ನಾವೇ ಹಾಕಬೇಕಾ?

---

ಹಳೇ ಖಜಾನೆ, ತೀರ್ಥಹಳ್ಳಿ

ಅಂದಾಜು ಹಾಕಬೇಡಿ. ನಿವೃತ್ತಿ ತಾರೀಖು, ಪಿಪಿಒ ಸಂಖ್ಯೆ, ಹಳೇ ಕೊನೆಯ ವೇತನ, ಮರುನಿಗದಿಯಾದ ವೇತನ, ಈವರೆಗೆ ಪಡೆದ ಮೂರು ಮೊತ್ತ. ಎಲ್ಲ ಅವರವರ ಆದೇಶದಿಂದ ನೋಡಿ ಬರೆಯಿರಿ. ಒಂದು ಸಾಲು ತಪ್ಪಿದ್ದರೆ 26 ಸಾಲನ್ನೂ ವಾಪಸ್ ಕಳಿಸುವ ಸಬೂಬು ಸಿಗುತ್ತದೆ. ಮರುನಿಗದಿಯೇ ಆಗದ ಒಂಬತ್ತು ಜನರಿಗೆ ಆ ಕಲಂ ಖಾಲಿ ಬಿಟ್ಟು 'ಬಾಕಿ ಇದೆ' ಅಂತ ಬರೆಯಿರಿ.

---

ಹೊಸನಗರ ಫಾರೆಸ್ಟರ್

25 ತಿಂಗಳ ಮಾತು ಎಲ್ಲಿ ಹೋಯ್ತು? ನಾನು 2021ರಲ್ಲಿ ನಿವೃತ್ತ. ಈ ಹೊಸ ಕರಡಿನಲ್ಲಿ ನನ್ನಂಥವರಿಗೆ ಒಂದು ಅಕ್ಷರವೂ ಇಲ್ಲ. 17 ಜನರ ಸಹಿ ಯಾಕೆ ಬೇಕು ನಿಮಗೆ ಹಾಗಾದರೆ? ಸಂಘ ಎಲ್ಲರದ್ದು ಅಲ್ವಾ?

---

ಕೋರ್ಟ್ ಶಿರಸ್ತೇದಾರ್ (ನಿವೃತ್ತ), ಭದ್ರಾವತಿ

ಅವರ ಮಾತಲ್ಲೂ ಅರ್ಥ ಇದೆ. ಆದರೆ ಎರಡನ್ನೂ ಒಂದೇ ಕಾಗದದಲ್ಲಿ ಹಾಕಿದರೆ ದುರ್ಬಲವಾದದ್ದಕ್ಕೆ ಉತ್ತರ ಬರೆದು ಗಟ್ಟಿಯಾದದ್ದನ್ನೂ ಮುಚ್ಚುತ್ತಾರೆ. ಬೇರೆ ಮನವಿ ಮಾಡಿ, ಅದೇ ದಿನ, ಅದೇ ಕೌಂಟರಿನಲ್ಲಿ ಕೊಡಿ.

---

ಹಳೇ ಖಜಾನೆ, ತೀರ್ಥಹಳ್ಳಿ

ನನಗೆ ಆ 25 ತಿಂಗಳದ್ದು ಸಿಗುತ್ತದೆ ಅನ್ನುವ ನಂಬಿಕೆ ಇಲ್ಲ. ಆದರೆ ಕೇಳುವುದು ಅವರ ಹಕ್ಕು. ಶೇ 58.5 ಅಂತ ಮಾತ್ರ ಬರೆಯಬೇಡಿ ಫಾರೆಸ್ಟರೇ, ಪಡೆದದ್ದು ಕಳೆದು ಬರೆಯಿರಿ.

---

ಸಂಘದ ಕಾರ್ಯದರ್ಶಿ, ಶಿವಮೊಗ್ಗ

ಇದನ್ನು ನಾನೊಬ್ಬನೇ ತೀರ್ಮಾನ ಮಾಡುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸಭೆ ಕರೆದಿದ್ದೇನೆ. ಎರಡನೇ ಮನವಿ ಬೇಕಾ ಬೇಡವಾ ಅಲ್ಲೇ ಕೈ ಎತ್ತಿಸೋಣ. ಫಾರೆಸ್ಟರೇ, ನೀವೇ ಬರೆದು ತನ್ನಿ. ಎಲ್ಲರೂ ಪಿಂಚಣಿ ಚೀಟಿ, ಪಿಪಿಒ, ಗ್ರಾಚ್ಯುಟಿ ಆದೇಶದ ಜೆರಾಕ್ಸ್ ತರಬೇಕು. ಕಾಗದ ಇಲ್ಲದವರ ಸಹಿ ತೆಗೆದುಕೊಳ್ಳುವುದಿಲ್ಲ. ಬೆಂಗಳೂರು ಪ್ರಯಾಣ ಗುರುವಾರಕ್ಕೆ ಮುಂದೂಡಿದೆ, ಮೊದಲು ಟಪಾಲು ವಹಿ.

---

ಸಾಗರದ ಟೀಚರ್

ಸ್ಕೂಲಿಗೆ ಹೋಗಿ ಬಂದೆ. ಪತ್ರದ ಸಂಖ್ಯೆ ಕೇಳಿದೆ. ಗುಮಾಸ್ತ ಹುಡುಗ ಪಾಪ, ಹೊಸಬ, ಅರ್ಧ ಗಂಟೆ ಹುಡುಕಿದ. ಕಳಿಸಿಯೇ ಇಲ್ಲ. ನನ್ನ ಸೇವಾ ಪುಸ್ತಕ ಕಪಾಟಿನ ಮೇಲೆ, ಕ್ರೀಡಾಕೂಟದ ಕಪ್ಪುಗಳ ಹಿಂದೆ ಇತ್ತು. ಒರಲೆ ಹಿಡಿದಿಲ್ಲ, ಪುಣ್ಯ. ಅಲ್ಲೇ ಕೂತು ಅರ್ಜಿ ಬರೆದುಕೊಟ್ಟು ಸೀಲು ಹಾಕಿಸಿಕೊಂಡೆ. ತಾರೀಖು ಸ್ಪಷ್ಟವಾಗಿ ಕಾಣುವ ಹಾಗೆ ಎರಡು ಸಲ ಒತ್ತಿಸಿದೆ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಸೊರಬದ ಮಗಳೇ, ಬರುವುದಾದರೆ ಹೇಳು, ಸಾಗರದಲ್ಲಿ ಕಾಯುತ್ತೇನೆ.